ಹಾಕ್ಲೇನ್ರಿ?

ಬೀದರ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳ ಮಾತು ಬಂದಾಗ 2018ರ ಜುಲೈ 13 ನೆನಪಾಗದೆ ಇರದು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ಔರಾದ್ ಸೀಮೆಯ ಹಂದಿಕೇರಾದ ಬಳಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ ಎಂಬ ಸುಳ್ಳು ಸುದ್ದಿ ದೇಶದ ತುಂಬ ಹಬ್ಬಿದ್ದ ದಿನಗಳವು. ಅನುಮಾನಪಟ್ಟ ಜನ ಸೇರಿದರು, ಇವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ಮೆಸೇಜು ಮುರ್ಕಿ ಊರು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡ ಕಟ್ಟಿದ್ದರು. ಜನರ ಹೊಡೆತಕ್ಕೆ ಆ ಗೆಳೆಯರಲ್ಲಿ ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟ, ಅವನ ಜೊತೆಗಾರರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಆಮೇಲೆ ಬಂಧನಕ್ಕೊಳಗಾದವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಗುಂಪಿಗೆ ಸೇರಿಸುವ ಮೊದಲು ಒಂದು ಮಾತು ಕೇಳಿದ್ದರೆ ಆ ಸಾವು ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಊರ ಹೆಸರನ್ನಷ್ಟೇ ಹೊತ್ತು, ಯಾವುದಕ್ಕೆಂದು ಹೇಳದೆ, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಸುರಿದು ಮಾಡುವ ಗುಂಪಿನಲ್ಲಿ ಏನು ಬಂದರೂ ಅದು ಊರಿನ ಸುದ್ದಿಯೇ ಆಗುತ್ತದೆ. ಇದು ಇಲ್ಲಿಗೆ ಸೇರಿದ್ದಲ್ಲ ಎಂದು ಹೇಳಲು ಯಾರಿಗೂ ಆಧಾರ ಇರುವುದಿಲ್ಲ. ನಮ್ಮ ಊರಕಟ್ಟೆಯ ಮೇಲೆ ಹಾಗಿಲ್ಲ. ಇವತ್ತು ಕೂತದ್ದು ಭಜನೆಗೋ ಪಂಚಾಯಿತಿಗೋ ಎಂದು ತಿಳಿದೇ ಜನ ಬರುತ್ತಾರೆ, ಯಾರೂ ಯಾರನ್ನೂ ಕೈಹಿಡಿದು ಎಳೆತಂದು ಕೂರಿಸುವುದಿಲ್ಲ.

ಡಾಬಕಾದಂಥ ಊರನ್ನೇ ತೆಗೆದುಕೊಳ್ಳೋಣ. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ ಉರ್ದು. ಮುಂಗಾರಿಗೆ ಸೋಯಾಬೀನ್, ತೊಗರಿ, ಉದ್ದು, ಹೆಸರು. ಒಬ್ಬ ಹುಡುಗ ಸೋಯಾ ಬೆಳೆಯುವವರದೊಂದು ಗುಂಪು ಮಾಡಬೇಕೆಂದಿದ್ದಾನೆ ಎನ್ನಿ. ಅವನು ಓಣಿಯ ಹಿರಿಯರನ್ನು ಹೀಗೆ ಕೇಳಿದರೆ ಸಾಕು:

"ಶರಣ್ರಿ ಕಾಕಾ. ಸೋಯಾ ಹಾಕಿದವರ್ದು ಒಂದ್ ಗ್ರೂಪ್ ಮಾಡ್ಲತ್ತೀನಿ. ಬೀಜ ಬಂದದೋ ಇಲ್ಲೋ, ಮಳಿ ಸುದ್ದಿ, ಬೀದರ ಮಂಡಿ ದರ, ಇಷ್ಟೇ ಅದ್ರಾಗ. ಒಂದ್ ಅರವತ್ತು ಮಂದಿ ಇರ್ತಾರ, ಎಲ್ಲಾರಿಗೂ ನಿಮ್ ನಂಬರ್ ಕಾಣ್ತದ. ರಾಶಿ ಮುಗದ್ ಮ್ಯಾಲ ಬಂದ್ ಮಾಡ್ತೀನಿ. ನಿಮ್ದೂ ಹಾಕ್ಲೇನ್ರಿ? ಬ್ಯಾಡಂದ್ರ ದರ ಬಂದ ದಿನ ನಾನೇ ಫೋನ್ ಮಾಡಿ ಹೇಳ್ತೀನಿ."

ಇಷ್ಟರಲ್ಲಿ ಎಲ್ಲವೂ ಬಂತು. ಒಳಗೆ ಏನಿರುತ್ತದೆ, ಎಷ್ಟು ಜನ, ಎಷ್ಟು ದಿನ, ತನ್ನದೇನು ಬಯಲಾಗುತ್ತದೆ, ಬೇಡವೆಂದರೆ ಏನು. ಇದರಲ್ಲಿ ನಂಬರಿನ ಮಾತನ್ನು ಜನ ಬಿಟ್ಟುಬಿಡುತ್ತಾರೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗುಂಪಿಗೆ ಸೇರಿದ ಗಳಿಗೆಯಿಂದ ಅಲ್ಲಿರುವ ಅಪರಿಚಿತರಿಗೂ ನಂಬರು ಸಿಗುತ್ತದೆ. ಆಮೇಲೆ ಗುಂಪು ಬಿಟ್ಟರೂ ಯಾರಾದರೂ ಬರೆದುಕೊಂಡ ನಂಬರು ಮರಳಿ ಬರುವುದಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳನ್ನು ಸಾಲದ ಕಂತಿನ ಸುದ್ದಿಗೆಂದು ಸೇರಿಸಿದಾಗ ಅದೇ ಗುಂಪಿನಲ್ಲಿ ಗುರುತಿಲ್ಲದ ಗಂಡಸರಿದ್ದರೆ, ರಾತ್ರಿ ಹತ್ತರ ಮೇಲೆ ಬರುವ 'ಹಾಯ್' ಎಂಬ ಮೆಸೇಜಿಗೆ ಮನೆಯಲ್ಲಿ ಉತ್ತರ ಕೊಡಬೇಕಾದವಳು ಅವಳು, ಸೇರಿಸಿದವನಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಒಂದೇ. ನಂಬರು ಅವಳದೆಂದು ಬರೆಸಿದ್ದರೂ ಫೋನು ಮಗನ ಕಿಸೆಯಲ್ಲಿರುತ್ತದೆ. ಆದ್ದರಿಂದ ಆ ಫೋನಿನಿಂದ ಬಂದ 'ಓಕೆ' ಯಾರದ್ದು ಎಂದೂ ವಿಚಾರಿಸಬೇಕು. "ಅಕ್ಕಾ, ಇದು ನೀವೇ ನೋಡ್ತೀರೋ, ಮನ್ಯಾಗ ಬ್ಯಾರೆಯವ್ರು ನೋಡ್ತಾರೋ?" ಎಂದು ಎದುರಿಗೆ ಕೇಳಿದರೆ ಅವಳು ಸರಿಯಾಗಿಯೇ ಹೇಳುತ್ತಾಳೆ.

ಇನ್ನು ಬೇಡ ಎನ್ನುವುದರ ಕಷ್ಟ. ಬಾಯಿಬಿಟ್ಟು ಬೇಡ ಎಂದರೆ ಮುಖ ಮುರಿದಂತೆ ಎಂದು ನಮ್ಮವರು ಭಾವಿಸುತ್ತಾರೆ. ಅದಕ್ಕೇ "ನೋಡೋಣ್ ತಗೋ" ಅನ್ನುತ್ತಾರೆ, "ನಿನ್ ಇಷ್ಟ" ಅನ್ನುತ್ತಾರೆ, ಇಲ್ಲವೇ ಮೆಸೇಜು ನೋಡಿ ಸುಮ್ಮನಿರುತ್ತಾರೆ. ಈ ಮೂರೂ ಒಪ್ಪಿಗೆಯಲ್ಲ. ಕೇಳುವವನು ಪಂಚಾಯಿತಿ ಸದಸ್ಯನೋ ಸಾಲ ಕೊಡುವ ಸಂಘದವನೋ ಆಗಿದ್ದರಂತೂ ಬಾಯಿಂದ ಬಂದ 'ಹೂಂ' ಕೂಡ ಅರ್ಧ ಹೆದರಿಕೆಯದು. ಕಾಕಾನಿಗೆ ಹೇಳಿದ ಕೊನೆಯ ಮಾತು, ನಾನೇ ಫೋನ್ ಮಾಡಿ ಹೇಳ್ತೀನಿ ಎಂಬುದು, ಇಲ್ಲಿ ಕೆಲಸಕ್ಕೆ ಬರುತ್ತದೆ. ಸೇರದಿದ್ದರೂ ದರ ತಿಳಿಯುತ್ತದೆ ಎಂದು ಗೊತ್ತಿದ್ದವನು ಮಾತ್ರ ನಿಜವಾಗಿ ಹೂಂ ಅನ್ನಬಲ್ಲ.

ಕೇಳದೆ ಸೇರಿಸಬಾರದು ಎಂಬುದು ವಾಟ್ಸ್‌ಆ್ಯಪ್ ಕಂಪನಿಗೂ ತಡವಾಗಿ ತಿಳಿಯಿತು. ಯಾರು ನನ್ನನ್ನು ಗುಂಪಿಗೆ ಸೇರಿಸಬಹುದು ಎಂದು ನಾವೇ ಗೊತ್ತುಮಾಡುವ ಅನುಕೂಲ ಬಂದದ್ದು 2019ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಗ್ರೂಪ್ಸ್ ತೆರೆದರೆ 'ಎಲ್ಲರೂ' ಎಂದಿರುವುದನ್ನು 'ನನ್ನ ಕಾಂಟ್ಯಾಕ್ಟುಗಳು' ಎಂದು ಬದಲಿಸಬಹುದು. ಅದರಲ್ಲೂ ಕೆಲವರನ್ನು ಹೊರಗಿಡಬಹುದು. ಹಾಗೆ ಮಾಡಿದವರನ್ನು ಬೇರೆಯವರು ನೇರ ಸೇರಿಸಲಾಗದು, ಅವರಿಗೆ ಆಮಂತ್ರಣ ಹೋಗುತ್ತದೆ. ಮೂರು ದಿನದೊಳಗೆ ಒಪ್ಪದಿದ್ದರೆ ಅದು ತಾನೇ ರದ್ದಾಗುತ್ತದೆ. ಆದರೆ ಕಾಂಟ್ಯಾಕ್ಟಿನಲ್ಲಿರುವ ತಮ್ಮ, ಭಾವ, ಮೇಷ್ಟ್ರನ್ನು ಈ ಬೀಗ ತಡೆಯುವುದಿಲ್ಲ. ನಮ್ಮನ್ನು ಕೇಳದೆ ಸೇರಿಸುವವರು ಬಹುತೇಕ ಅವರೇ ತಾನೆ? ಅದಕ್ಕಾಗಿ ನೇರ ಸೇರಿಸುವ ಅವಕಾಶವಿದ್ದಾಗಲೂ ಲಿಂಕ್ ಕಳಿಸುವುದೇ ಲೇಸು. ಒಪ್ಪುವ ಗುಂಡಿಯನ್ನು ಒತ್ತುವುದು ಆಗ ಅವರ ಬೆರಳು. ಲಿಂಕು ಕೈಯಿಂದ ಕೈಗೆ ಹೋಗಿ ಯಾರ್ಯಾರೋ ಒಳಗೆ ಬಾರದಂತೆ, ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬ ಏರ್ಪಾಡನ್ನು ಮೊದಲೇ ಹಾಕಿಕೊಳ್ಳಬೇಕು. ಗುಂಪಿನ ವಿವರಣೆಯ ಜಾಗದಲ್ಲಿ ಕಾಕಾನಿಗೆ ಹೇಳಿದ್ದನ್ನೇ ಬರೆದಿಡಬೇಕು. ಡಾಬಕಾದಲ್ಲಿ ಅದು ಕನ್ನಡದ ಜೊತೆ ಮರಾಠಿಯಲ್ಲೂ ಇದ್ದರೆ ಚೆನ್ನ, ಓದಲು ಬಾರದವರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜು.

ಗುಂಪು ಕೆಡುವುದು ಮೊದಲ ದಿನವಲ್ಲ. ಒಂದು ಮುಂಜಾನೆ 'ಶುಭೋದಯ' ಬರುತ್ತದೆ, ಆಮೇಲೆ ಯಾರದೋ ಹುಟ್ಟುಹಬ್ಬ, ಆಮೇಲೆ ಚುನಾವಣೆ. ಗುಂಪಿನ ಹೆಸರು ಬದಲಾಗಿದೆ ಎಂಬ ಸಣ್ಣ ಸಾಲು ಪರದೆಯ ನಡುವೆ ಬಂದು ಹೋಗುತ್ತದೆ. ಸೋಯಾ ಬೆಳೆಗಾರರು ಯಾವನೋ ಅಭ್ಯರ್ಥಿಯ ಅಭಿಮಾನಿಗಳಾಗಿರುತ್ತಾರೆ. ಬೀಜದ ಸುದ್ದಿಗೆ ಹೂಂ ಎಂದ ಮನುಷ್ಯನ ಹೆಸರನ್ನು ಓಟಿನ ಪಟ್ಟಿಗೆ ಸೇರಿಸಿದ್ದು ನನಗೆ ಮೋಸವೆಂದೇ ಕಾಣುತ್ತದೆ. ಉದ್ದೇಶ ಬದಲಾದರೆ ಬೇರೆ ಗುಂಪು ಮಾಡಬೇಕು, ಮತ್ತೆ ಮನೆಮನೆಗೆ ಹೋಗಿ ಕೇಳಬೇಕು. ಕೇಳಿದಾಗ ಅರವತ್ತರಲ್ಲಿ ಹದಿನೈದೇ ಮಂದಿ ಬಂದರೆ ಆ ಗುಂಪಿನ ಅಳತೆ ಹದಿನೈದೇ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಯಾತಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ ಎನ್ನುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಬಳಕೆಗೆ ಮಾಡಿಕೊಂಡದ್ದು ಅದರ ಹೊರಗೆ. ಅಣ್ಣತಮ್ಮಂದಿರ ಗುಂಪಿನೊಳಗೆ ಕಾನೂನು ಬಂದು ಕೂರುವುದಿಲ್ಲ. ಅಲ್ಲಿ ಕೇಳುವ ಕೆಲಸ ನಮ್ಮದೇ.

ಸೋಯಾ ರಾಶಿ ದಸರೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮಾಲು ಮಂಡಿಗೆ ಹೋದ ಮೇಲೆ ಆ ಹುಡುಗ ವಾರದ ಮೊದಲೇ ತಿಳಿಸಿ, ಬೇಕಾದವರು ಬೇಕಾದ್ದನ್ನು ಬರೆದುಕೊಂಡ ಮೇಲೆ, ಒಬ್ಬೊಬ್ಬರನ್ನೇ ತೆಗೆದು ಗುಂಪು ಮುಚ್ಚಬೇಕು. ಮುಂದಿನ ಮಿರ್ಗದ ಮಳೆಗೆ ಹಳೆಯ ಪಟ್ಟಿ ಹಿಡಿದು ಕೂರದೆ ಮತ್ತೆ ಕೇಳುತ್ತ ಹೋಗಬೇಕು. ಹೋದ ವರ್ಷ ಹೂಂ ಎಂದ ಕಾಕಾ ಈ ಸಲ ಹೊಲ ಪಾಲಿಗೆ ಕೊಟ್ಟು ಮಗನ ಜೊತೆ ಹೈದರಾಬಾದಿಗೆ ಹೋಗಿರಬಹುದು. ಪಾಲಿಗೆ ಮಾಡಿದವನ ನಂಬರು ಬೇರೆ, ಅವನನ್ನು ಇನ್ನೂ ಯಾರೂ ಕೇಳಿಲ್ಲ.