ಕಿರುಗಿವಿಯೂ ಪಾತರಗಿತ್ತಿಯೂ

ಪೇಟೆಯಿಂದ ತರುವ ಶಾವಿಗೆಯ ಪೊಟ್ಟಣದ ಮೇಲೆ ‘ವರ್ಮಿಸೆಲ್ಲಿ’ ಎಂದು ಅಚ್ಚಾಗಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಇಟಲಿಯ ಭಾಷೆಯ ಶಬ್ದ. ‘ಸಣ್ಣ ಹುಳುಗಳು’ ಎಂಬುದು ಅದರ ಅರ್ಥ. ಈ ಮಾತನ್ನು ನಾನು ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆಯವರು ಪಾಯಸದ ಬಟ್ಟಲನ್ನು ಕೆಳಗಿಟ್ಟು, “ಇಂಥಾ ಹೆಸರಿಟ್ಟು ಅದನ್ನ ಹ್ಯಾಂಗ ತಿಂತಾರವ್ವಾ?” ಎಂದು ಕೇಳಿದರು. ಪ್ರಶ್ನೆ ಸಹಜವಾದುದೇ. ಆದರೆ ಇಟಲಿಯವರ ಕಿವಿಗೆ ಆ ಶಬ್ದದಲ್ಲಿ ಹುಳುವಿಗಿಂತ ಅದರ ಕೊನೆಗೆ ಅಂಟಿದ ಪ್ರತ್ಯಯವೇ ಹೆಚ್ಚಾಗಿ ಕೇಳಿಸುತ್ತದೆಯೆಂದು ನನಗೆ ತೋರುತ್ತದೆ.

ನಾವು ಕಿರುತನವನ್ನು ಶಬ್ದದ ಮುಂದೆ ಇಡುತ್ತೇವೆ: ಕಿರುಬೆರಳು, ಕಿರುನಗೆ. ಅವರು ಅದನ್ನು ಶಬ್ದದ ಹಿಂದೆ ಸೇರಿಸುತ್ತಾರೆ. ‘ಸ್ಪಾಗೊ’ ಎಂದರೆ ಹುರಿ; ‘ಸ್ಪಾಗೆಟ್ಟಿ’ ಎಂದರೆ ಕಿರುಹುರಿಗಳು. ‘ಫರ್ಫಾಲ್ಲೆ’ ಎಂದರೆ ಪಾತರಗಿತ್ತಿಗಳು; ಸಾರಿನಲ್ಲಿ ತೇಲಿಸುವ ಪುಟ್ಟ ಗಾತ್ರದವು ‘ಫರ್ಫಾಲ್ಲಿನೆ’, ದೊಡ್ಡವು ‘ಫರ್ಫಾಲ್ಲೋನಿ’. ಹೀಗೆ ಹೆಸರಿನ ಬಾಲವನ್ನು ಓದಿಯೇ ಪೊಟ್ಟಣದೊಳಗಿನ ಗಾತ್ರವನ್ನು ಊಹಿಸಬಹುದು.

ಈ ಪಾತರಗಿತ್ತಿಯ ಹುಟ್ಟು ಬಲು ಸರಳ. ಲಟ್ಟಿಸಿದ ಕಣಕವನ್ನು ಚಿಕ್ಕ ಆಯತಗಳಾಗಿ ಕತ್ತರಿಸುತ್ತಾರೆ. ಎರಡು ಅಂಚುಗಳಿಗೆ ಹಲ್ಲಿನ ಚಕ್ರವನ್ನು ಹಾಯಿಸಿ, ನಟ್ಟನಡುವೆ ಎರಡು ಬೆರಳುಗಳಿಂದ ಚಿವುಟುತ್ತಾರೆ. ಇಟಲಿಯ ಉತ್ತರಭಾಗದ ಎಮಿಲಿಯಾ ರೊಮಾನ್ಯ ಸೀಮೆಯಲ್ಲಿ ಇದಕ್ಕೆ ‘ಸ್ತ್ರಿಕೆಟ್ಟಿ’ ಎಂಬ ಹೆಸರೂ ಇದೆ. ಹಿಸುಕಿದ್ದು, ಚಿವುಟಿದ್ದು ಎಂದು ಅದರ ಭಾವ. ತಿನ್ನುವವನ ಕಣ್ಣು ಪಾತರಗಿತ್ತಿಯನ್ನು ಕಂಡಿತು, ಮಾಡುವವಳ ಬೆರಳು ಚಿವುಟಿದ್ದನ್ನು ನೆನಪಿಟ್ಟಿತು. ನನಗೆ ಈ ಎರಡನೆಯ ಹೆಸರೇ ಹೆಚ್ಚು ಪ್ರಿಯ. ಬೇಯಿಸುವಾಗ ತೊಡಕು ಬರುವುದೂ ಆ ಚಿವುಟಿದ ಜಾಗದಲ್ಲಿಯೇ. ಅಲ್ಲಿ ಕಣಕವು ಮಡಿಕೆಯಾಗಿ ದಪ್ಪಗಿರುವುದರಿಂದ ರೆಕ್ಕೆಗಳು ಮೆತ್ತಗಾದರೂ ನಡುವು ಗಟ್ಟಿಯಾಗಿ ಉಳಿಯಬಹುದು. ಆದ್ದರಿಂದ ಬೆಂದಿತೋ ಇಲ್ಲವೋ ಎಂದು ನೋಡುವಾಗ ರೆಕ್ಕೆಯನ್ನಲ್ಲ, ನಡುವನ್ನು ಕಚ್ಚಿ ನೋಡಬೇಕು. ಇನ್ನೊಂದು ಮಾತು: ಆ ಸೀಮೆಯವರು ಮನೆಯಲ್ಲಿ ನಾದುವ ಕಣಕಕ್ಕೆ ಮೊಟ್ಟೆ ಹಾಕುವುದು ವಾಡಿಕೆ. ಒಣಗಿಸಿದ ಪಾಸ್ತಾ ಬಹುಮಟ್ಟಿಗೆ ರವೆ ಮತ್ತು ನೀರಿನದೇ ಆದರೂ, ನಮ್ಮ ಮನೆಗಳವರು ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿ ಕೊಳ್ಳುವುದು ಒಳಿತು.

ದಕ್ಷಿಣದ ಪುಲಿಯಾ ಸೀಮೆಯ ‘ಒರೆಕ್ಕಿಯೆತ್ತೆ’ಗೆ ಮೊಟ್ಟೆಯ ಗೊಡವೆಯಿಲ್ಲ. ‘ಒರೆಕ್ಕಿಯೊ’ ಎಂದರೆ ಕಿವಿ. ಆದ್ದರಿಂದ ಇವು ಕಿರುಗಿವಿಗಳು. ನಮ್ಮ ಬನ್ಸಿ ರವೆಯ ಗೋಧಿ ಯಾವ ಜಾತಿಯದೋ ಅದೇ ಡ್ಯೂರಮ್ ಗೋಧಿಯ ನುಣ್ಣನೆಯ ರವೆ ಮತ್ತು ನೀರು, ಇಷ್ಟೇ ಸಾಮಗ್ರಿ. ಬಾರಿ ಪಟ್ಟಣದ ಹಳೆಯ ಕೇರಿಯಲ್ಲಿ ಹೆಂಗಸರು ಮನೆಯ ಬಾಗಿಲ ಮುಂದೆ ಹಲಗೆ ಹಾಕಿಕೊಂಡು ಇದನ್ನು ಕಾಯಕವಾಗಿ ಮಾಡುತ್ತ ಬಂದಿದ್ದಾರೆ. ನಾದಿದ ಕಣಕವನ್ನು ಬೆರಳ ಗಾತ್ರದ ಹುರಿಯಾಗಿ ಹೊಸೆದು, ಸುಮಾರು 1 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸುತ್ತಾರೆ. ಮೊಂಡು ತುದಿಯ ಚಾಕುವಿನಿಂದ ಪ್ರತಿಯೊಂದು ತುಂಡನ್ನೂ ಒತ್ತಿ ಮರದ ಹಲಗೆಯ ಮೇಲೆ ತಮ್ಮತ್ತ ಎಳೆಯುತ್ತಾರೆ. ತುಂಡು ತೆಳುವಾಗಿ ಚಾಕುವಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಹೆಬ್ಬೆರಳ ತುದಿಯ ಮೇಲೆ ಮಗುಚಿದೊಡನೆ ಒಳಮೈ ಹೊರಗಾಗಿ ಕಿವಿ ಮೂಡುತ್ತದೆ.

ಮಗುಚದೆ ಬಿಟ್ಟರೆ ಅದು ಕಿವಿಯಾಗುವುದಿಲ್ಲ. ‘ಸ್ತ್ರಾಶಿನಾತಿ’, ಅಂದರೆ ‘ಎಳೆದದ್ದು’ ಎನ್ನಿಸಿಕೊಳ್ಳುತ್ತದೆ. ಇಲ್ಲಿಯೂ ಒಂದು ಹೆಸರು ಕೈಯದು, ಇನ್ನೊಂದು ಕಣ್ಣಿನದು. ಹೆಬ್ಬೆರಳಿನ ಒಂದು ತಿರುವು ಹೆಸರನ್ನೇ ಬದಲಿಸಿಬಿಡುತ್ತದೆ.

ಕಣಕ ತೀರ ಮೆತ್ತಗಿದ್ದರೆ ಚಾಕುವಿಗೆ ಅಂಟಿ ಹರಿಯುತ್ತದೆ. ಒಣಗಿದ್ದರೆ ಮಗುಚುವಾಗ ಅಂಚು ಸೀಳುತ್ತದೆ. ಸರಿಯಾಗಿ ಬಂದ ಕಿವಿಯ ನಡುಭಾಗ ತೆಳುವಾಗಿಯೂ ಅಂಚು ತುಸು ದಪ್ಪವಾಗಿಯೂ ಇರುತ್ತದೆ, ಬೆನ್ನು ತರಿತರಿಯಾಗಿರುತ್ತದೆ. ಕೈಯಿಂದ ಮಾಡಿದವುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಎಲ್ಲವೂ ಒಂದೇ ಅಚ್ಚಿನಂತಿದ್ದರೆ ಅದು ಯಂತ್ರದ ಕೆಲಸವೆಂದು ತಿಳಿಯಬಹುದು.

ಅಲ್ಲಿಯವರು ಇದನ್ನು ಸಾಸಿವೆಯ ಕುಲಕ್ಕೆ ಸೇರಿದ ಒಂದು ಕಹಿಸೊಪ್ಪಿನೊಡನೆ ಉಣ್ಣುತ್ತಾರೆ. ಸೊಪ್ಪನ್ನೂ ಕಿವಿಗಳನ್ನೂ ಒಂದೇ ನೀರಿನಲ್ಲಿ ಬೇಯಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಆಲಿವ್ ಎಣ್ಣೆಯಲ್ಲಿ ಹೊರಳಿಸುವುದು ಕ್ರಮ. ಅದಕ್ಕೆ ಉಪ್ಪು ಹಾಕಿಟ್ಟ ಸಣ್ಣ ಮೀನನ್ನು ಕರಗಿಸುವ ರೂಢಿಯೂ ಇರುವುದರಿಂದ ಪರದೇಶದ ಹೋಟೆಲುಗಳಲ್ಲಿ ಕೇಳಿಯೇ ತಟ್ಟೆ ಹಿಡಿಯಬೇಕು. ನಮ್ಮ ಮನೆಯಲ್ಲಿ ಸಾಸಿವೆ ಸೊಪ್ಪಿನೊಡನೆ ಮಾಡಿ ನೋಡಿದೆವು. ಬೆಂದ ಸೊಪ್ಪಿನ ಚೂರುಗಳೂ ಎಣ್ಣೆಯೂ ಕಿವಿಯ ಕುಳಿಯೊಳಗೆ ಸೇರಿಕೊಂಡು, ತುತ್ತಿಗೊಮ್ಮೆ ಬಾಯಿಗೆ ಬಂದವು. ಅತ್ತೆಯವರು ಇನ್ನೊಂದು ಸೌಟು ಹಾಕಿಸಿಕೊಂಡರು.