ಮೇನ್ ಸ್ವಿಚ್ ಮಾಲೀಕರ ಆಯುಧವಲ್ಲ

ಪೀರನವಾಡಿಯ ಮನೆ ಮಾಲೀಕರೇ, ಬಾಡಿಗೆದಾರರನ್ನು ಎಬ್ಬಿಸಲು ಮೇನ್ ಸ್ವಿಚ್ ಇಳಿಸುವ, ನೀರಿನ ವಾಲ್ವ್ ಮುಚ್ಚುವ ಮುನ್ನ ಇದನ್ನು ಗಮನಿಸಿ. ಬಿಲ್ ಕಟ್ಟದ ಗ್ರಾಹಕರ ಕರೆಂಟು ಕಡಿಯಲು ಹೆಸ್ಕಾಂ ಕೂಡ, 2003ರ ವಿದ್ಯುತ್ ಕಾಯ್ದೆಯಂತೆ, 15 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಕರೆಂಟು ಮಾರುವ ಕಂಪನಿಗೇ ಇಷ್ಟು ಕಟ್ಟುಪಾಡಿರುವಾಗ ನಿಮಗೆ ಆ ಅಧಿಕಾರ ಎಲ್ಲಿಂದ ಬಂತು? ಅದೇ ಕಾಯ್ದೆಯಲ್ಲಿ ಸಂಪರ್ಕ ಕೇಳುವ ಹಕ್ಕು ಮಾಲೀಕರಿಗಷ್ಟೇ ಅಲ್ಲ, ಮನೆಯಲ್ಲಿ ವಾಸಿಸುವವರಿಗೂ ಇದೆ. ವಿದ್ಯುತ್ ಮೂಲ ಸೌಕರ್ಯ, ಮಾಲೀಕರ ಒಪ್ಪಿಗೆಪತ್ರ ಇಲ್ಲವೆಂದು ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಬಾಡಿಗೆ ಬಾಕಿ ಇದೆ ಎನ್ನುತ್ತೀರಿ. ಇರಬಹುದು, ಆ ಸಿಟ್ಟೂ ನ್ಯಾಯವೇ. ಆದರೆ ಬಾಕಿಗೂ ತೆರವಿಗೂ ದಾರಿ ನೋಟಿಸ್, ದಾವೆ. ನೀರು ನಿಲ್ಲಿಸಿದರೆ ಬಾಡಿಗೆದಾರರೇ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬಹುದು. ಮುಚ್ಚಿದ ವಾಲ್ವಿನ ತಾರೀಖು ಸಹಿತ ಫೋಟೊ, ಕರಾರು ಪತ್ರ, ಬಾಡಿಗೆ ಸಂದಾಯದ ದಾಖಲೆ ಆಗ ಅವರ ಕೈಯಲ್ಲಿರುತ್ತವೆ.