ಕೊಡೆ ಯಾರು ಹಿಡಿದಾರ?

ಕಥೆ ಇಷ್ಟೇ. ತಾತ ತೀರಿಕೊಂಡ ಮೇಲೆ ಅಜ್ಜಿ ಬಿಸಿಲಲ್ಲಿ ಒಬ್ಬಳೇ ನಡೆದು ಹೊರಟಿದ್ದಾಳೆ. ಗೋಡೆಯ ಮೊಳೆಗೆ ತೂಗುಹಾಕಿದ್ದ ತಾತನ ಕರಿಕೊಡೆ ತಾನಾಗಿಯೇ ಬಿಚ್ಚಿಕೊಂಡು ಬಂದು, ಅವಳ ನೆತ್ತಿಯ ಮೇಲೆ ತೇಲುತ್ತಾ ಜೊತೆಗೆ ಹೋಗುತ್ತದೆ. ಮೂರು ನಿಮಿಷದ ಸಿನಿಮಾ. ಕ್ಯಾಮೆರಾ ನನ್ನ ಫೋನು, ನಟಿ ನನ್ನ ಅಜ್ಜಿ, ಕೊಡೆ ನಿಜಕ್ಕೂ ತಾತನದೇ.

ಅಜ್ಜಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಕೊಡೆ ಯಾರು ಹಿಡಿದಾರ?" ಯಾರೂ ಹಿಡಿಯುವುದಿಲ್ಲ, ತಾನೇ ತೇಲುತ್ತದೆ ಅಂದೆ. "ಮಾಯಾಬಜಾರ್‌ನಾಗ ಲಡ್ಡು ಹೋದಂಗೇನು?" ಅಂದಳು. ನಮ್ಮ ಬಳ್ಳಾರಿ ಸೀಮೆಯ ಆ ವಯಸ್ಸಿನವರಿಗೆ 1957ರ ಆ ತೆಲುಗು ಸಿನಿಮಾವನ್ನು ಪರಿಚಯಿಸಬೇಕಿಲ್ಲ. ಘಟೋತ್ಕಚನ ಬಾಯಿಗೆ ಲಡ್ಡುಗಳು ತಾವಾಗಿಯೇ ಹಾರಿಹೋಗುವುದನ್ನು ಮಾರ್ಕಸ್ ಬಾರ್ಟ್ಲಿ ಫಿಲ್ಮಿನ ಕಾಲದಲ್ಲೇ ತೋರಿಸಿಬಿಟ್ಟಿದ್ದರು. ನನಗೆ ಒಂದು ಕೊಡೆ ತೇಲಿಸಲು ಎರಡು ತಿಂಗಳು ಹಿಡಿಯಿತು.

ಉಪಾಯವೇನೋ ಹಳೆಯದೇ. ಫೋನನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಬೇಕು. ಗೆಳೆಯನೊಬ್ಬ ಹತ್ತಡಿಯ ಬಿದಿರ ಗಳದ ತುದಿಗೆ ಕೊಡೆಯ ನೆತ್ತಿಯ ಮೊನೆಯನ್ನು ಕಟ್ಟಿ, ಅಜ್ಜಿಯ ಪಕ್ಕದಲ್ಲಿ ದೂರದಿಂದ ಹಿಡಿದು ನಡೆಯಬೇಕು. ಆಮೇಲೆ ಅದೇ ಜಾಗವನ್ನು ಯಾರೂ ಇಲ್ಲದಂತೆ ಹತ್ತು ಸೆಕೆಂಡು ತೆಗೆಯಬೇಕು. ಇದಕ್ಕೆ ಕ್ಲೀನ್ ಪ್ಲೇಟ್ ಅನ್ನುತ್ತಾರೆ. ಎಡಿಟಿಂಗ್‌ನಲ್ಲಿ ಖಾಲಿ ಜಾಗದ ಚಿತ್ರವನ್ನು ಕೆಳಗಿಟ್ಟು, ಮೇಲಿನ ಚಿತ್ರದಲ್ಲಿ ಗಳ ಮತ್ತು ಗೆಳೆಯ ಇರುವಷ್ಟು ಭಾಗವನ್ನು ಮಾಸ್ಕ್ ಹಾಕಿ ಕತ್ತರಿಸಿದರೆ, ಆ ತೂತಿನಿಂದ ಕೆಳಗಿನ ಖಾಲಿ ನೆಲ ಕಾಣುತ್ತದೆ. ಗೆಳೆಯ ಮಾಯ, ಕೊಡೆ ಮಾತ್ರ ಉಳಿಯುತ್ತದೆ.

ಅಜ್ಜಿಯ ಊರು ಸಿರುಗುಪ್ಪದ ಹತ್ತಿರ. ಭತ್ತದ ಗದ್ದೆಯ ಬದುವಿನ ಮೇಲೆ, ಹಸಿರಿನ ನಡುವೆ ಕರಿಕೊಡೆ ಹೋಗಬೇಕೆಂದು ನನ್ನ ಆಸೆ. ಒಂದು ದಿನ ಪ್ರಯೋಗಕ್ಕೆಂದು ತೆಗೆದೆವು. ಫೋನಿನಲ್ಲಿ ನೋಡಿದಾಗ ಕಣ್ಣಿಗೆ ಹಬ್ಬ. ಬಳ್ಳಾರಿಗೆ ಬಂದು ಕಂಪ್ಯೂಟರಿನಲ್ಲಿ ಗಳ ಅಳಿಸಿದ ಮೇಲೆ ಗೊತ್ತಾಯಿತು, ಅಳಿಸಿದ ಪಟ್ಟಿಯೊಳಗಿನ ಪೈರು ಒಂದು ಕಡೆ ಬಾಗಿದರೆ ಅದರ ಅಂಚಿನಾಚೆಯ ಪೈರು ಇನ್ನೊಂದು ಕಡೆ ಬಾಗುತ್ತಿತ್ತು. ಗಳ ಇದ್ದ ಜಾಗದಲ್ಲಿ ಗಾಜಿನ ಗಳವೊಂದು ಹೋದಂತೆ ಕಾಣುತ್ತಿತ್ತು. ತೂತಿನ ಒಳಗೂ ಹೊರಗೂ ಒಂದೇ ದೃಶ್ಯ ಇರಬೇಕು ಎಂಬುದೇ ಈ ಉಪಾಯದ ಷರತ್ತು. ಗಾಳಿಗೆ ಆಡುವ ಭತ್ತ ಆ ಷರತ್ತಿಗೆ ಒಪ್ಪುವುದಿಲ್ಲ.

ಕದಲದ ಜಾಗ ಬೇಕು ಎಂದು ಹುಡುಕುತ್ತಾ ಹೋದದ್ದು ಕುರುಗೋಡಿಗೆ. ದೊಡ್ಡಬಸವೇಶ್ವರನ ಊರು. ಸುತ್ತ ಬಂಡೆಗಳ ಗುಡ್ಡ. ಅಲ್ಲಿ ಗುಡ್ಡದ ಬುಡದಲ್ಲಿ, ಹುಲ್ಲುಕಡ್ಡಿಯೂ ಇಲ್ಲದ ಹಾಸುಬಂಡೆಯ ಇಳಿಜಾರೊಂದು ಸಿಕ್ಕಿತು. ಹಸಿರು ಹೋಯಿತಲ್ಲ ಎಂದು ಬೇಜಾರಾಗಿದ್ದೆ. ಆದರೆ ಕೊಡೆ ಬೇಕೆನಿಸುವುದು ಅಂಥ ಕಡೆಯೇ ಅಲ್ಲವೇ?

ಅಲ್ಲಿಯೂ ಮೊದಲ ದಿನ ಕೆಟ್ಟಿತು. ಜಾಣತನದಿಂದ ಕ್ಲೀನ್ ಪ್ಲೇಟನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ. ಆಮೇಲೆ ಅಜ್ಜಿಗೆ ನಡಿಗೆ ಹೇಳಿಕೊಡುವುದರಲ್ಲಿ ನಲವತ್ತು ನಿಮಿಷ ಕಳೆಯಿತು. ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ನಲವತ್ತು ನಿಮಿಷಕ್ಕೆ ಹತ್ತು ಡಿಗ್ರಿ. ಪಕ್ಕದ ಬಂಡೆಯ ನೆರಳು ಅಷ್ಟರಲ್ಲಿ ಒಂದು ಮೊಳ ಜರುಗಿತ್ತು. ಮಾಸ್ಕ್ ಹಾಕಿದಾಗ ನೆರಳು ನಡುವೆ ಕಡಿದು, ಹೊಲಿಗೆ ಬಿಟ್ಟ ಅಂಗಿಯಂತೆ ಕಾಣುತ್ತಿತ್ತು. ಸಾಲದ್ದಕ್ಕೆ, ಕರಿಕೊಡೆ ಚೌಕಟ್ಟಿನೊಳಗೆ ಬಂದ ಕೂಡಲೇ ಫೋನು 'ಕತ್ತಲಾಯಿತು' ಎಂದು ತಾನೇ ತೀರ್ಮಾನಿಸಿ ಇಡೀ ಚಿತ್ರವನ್ನು ಬೆಳಗಿಸಿತ್ತು. ಎರಡು ಚಿತ್ರಗಳ ಬಂಡೆಯ ಬಣ್ಣವೇ ಬೇರೆ ಬೇರೆ.

ಎರಡಕ್ಕೂ ಒಂದೇ ಮದ್ದು ಸಿಕ್ಕಿತು. ಪರದೆಯನ್ನು ಒತ್ತಿಹಿಡಿದು AE/AF LOCK ಎಂದು ಬರುವವರೆಗೂ ಬಿಡದಿರುವುದು, ಮತ್ತು ರೆಕಾರ್ಡಿಂಗ್ ನಿಲ್ಲಿಸದಿರುವುದು. ಅಜ್ಜಿ ನಡೆದು ಮುಗಿಸಿದ ತಕ್ಷಣ ಎಲ್ಲರೂ ಚೌಕಟ್ಟಿನಿಂದ ಹೊರಗೆ ಬಂದರೆ, ಅದೇ ಬಿಸಿಲಿನಲ್ಲಿ, ಅದೇ ರೆಕಾರ್ಡಿಂಗಿನ ಬಾಲದಲ್ಲಿ ಖಾಲಿ ಜಾಗ ಸಿಗುತ್ತದೆ. ಫೋನನ್ನು ಮುಟ್ಟುವ ಕೆಲಸವೂ ಇಲ್ಲ. ಮುಟ್ಟಿದರೆ ಒಂದು ಕೂದಲೆಳೆಯಷ್ಟಾದರೂ ಜರುಗುತ್ತದೆ. ಇಷ್ಟು ಮಾಡಿಯೂ ಚಿತ್ರ ಅಲುಗಿದರೆ ಫೋನಿನ ಸ್ಟೆಬಿಲೈಸೇಶನ್ ಆಫ್ ಆಗಿದೆಯೇ ನೋಡಿ. ಸ್ಟ್ಯಾಂಡಿನ ಮೇಲಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ.

ಆದರೆ ಕೊಡೆ ಇನ್ನೂ ತೇಲುತ್ತಿರಲಿಲ್ಲ. ಗಳ ಹೋಗಿತ್ತು, ಗೆಳೆಯ ಹೋಗಿದ್ದ, ಕೊಡೆ ಸ್ಟಿಕ್ಕರಿನಂತೆ ಅಂಟಿಕೊಂಡಿತ್ತು. ಎಷ್ಟೋ ಸಲ ನೋಡಿದ ಮೇಲೆ ಹೊಳೆಯಿತು: ಗಳದ ನೆರಳನ್ನು ಅಳಿಸುವ ಭರದಲ್ಲಿ ಕೊಡೆಯ ನೆರಳನ್ನೂ ಅಳಿಸಿಬಿಟ್ಟಿದ್ದೆ. ನಮ್ಮ ಕಣ್ಣು ವಸ್ತು ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೆಲ ನೋಡಿ ಅಳೆಯುತ್ತದೆ. ನೆರಳಿಲ್ಲದ ಕೊಡೆ ಎಲ್ಲಿಯೂ ಇಲ್ಲ.

ಹಾಗಾಗಿ ಮುಂದಿನ ಸಲ ನೆರಳುಗಳನ್ನೇ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಗೆಳೆಯ ಬಿಸಿಲು ಬರುವ ಕಡೆ ನಿಂತರೆ ಅವನ ನೆರಳು ಅಜ್ಜಿಯ ಮೇಲೇ ಬೀಳುತ್ತದೆ. ಅದನ್ನು ಅಳಿಸಿದರೆ ಅಜ್ಜಿಯೂ ಅಳಿಸಿಹೋಗುತ್ತಾಳೆ. ಬಿಸಿಲಿಗೆ ಎದುರು ಬದಿಯಲ್ಲಿ ನಿಂತರೆ ಅವನ ನೆರಳೂ ಗಳದ ನೆರಳೂ ಆಚೆಗೆ ಚಾಚುತ್ತವೆ. ಆಗ ಅಜ್ಜಿ, ಕೊಡೆ ಮತ್ತು ಕೊಡೆಯ ನೆರಳು ಎಡಕ್ಕೆ, ಅಳಿಸಬೇಕಾದದ್ದೆಲ್ಲ ಬಲಕ್ಕೆ. ಮಾಸ್ಕಿನ ಬಹುಭಾಗ ಒಂದೇ ಆಕಾರದಲ್ಲಿ ನಿಂತಿರುತ್ತದೆ. ಗಳ ಕೊಡೆಗೆ ಸೇರುವ ಗೇಣುದ್ದದ ಜಾಗವನ್ನು ಮತ್ತು ಗಳದ ನೆರಳು ಕೊಡೆಯ ನೆರಳಿಗೆ ತಾಗುವ ಅಂಚನ್ನು ಮಾತ್ರ ಫ್ರೇಮ್ ಫ್ರೇಮಿಗೂ ತಿದ್ದಬೇಕು. ಹತ್ತು ಸೆಕೆಂಡಿಗೆ 250 ಫ್ರೇಮು. ಪ್ರತಿ ಐದು ಫ್ರೇಮಿಗೊಮ್ಮೆ ತಿದ್ದಿದರೂ ಐವತ್ತು ಸಲ. ಒಂದು ರಾತ್ರಿಯ ಕೆಲಸ.

ಆ ದಿನ ಬೆಳಿಗ್ಗೆ ಗಾಳಿ ಕಡಿಮೆ ಇರುವಾಗಲೇ ಶುರು ಮಾಡಿದೆವು. ಬಿಚ್ಚಿದ ಕೊಡೆ ಗಾಳಿಗೆ ಹಾಯಿಯಂತೆ ತಿರುಗುತ್ತದೆ, ಹತ್ತಡಿ ದೂರದ ಕೈಗೆ ಅದನ್ನು ತಡೆಯಲು ಆಗುವುದಿಲ್ಲ. ಮೊದಲ ಟೇಕ್ ಆಯಿತು. ಅಜ್ಜಿಗೆ ತೋರಿಸಿದೆ. ಸುಮ್ಮನೆ ನೋಡಿದಳು.

"ನಿಮ್ಮ ತಾತ ಹಿಂಗ ಹಿಡೀತಿದ್ದಿಲ್ಲ ಬಿಡಪ್ಪಾ," ಅಂದಳು. "ಹಿಂಗ ನೆಟ್ಟಗ ಹಿಡಿದ್ರ ಇಬ್ರಿಗೂ ಸಾಲ್ತಿದ್ದಿಲ್ಲ. ನನ್ನ ಕಡಿ ವಾಲಿಸ್ತಿದ್ರು. ಅವರ ಹೆಗಲು ಬಿಸ್ಲಾಗೇ ಇರ್ತಿತ್ತು."

ಇದನ್ನು ನಾನು ಸ್ಕ್ರಿಪ್ಟಿನಲ್ಲಿ ಬರೆದಿರಲಿಲ್ಲ. ಬಿಚ್ಚಿದ ಕೊಡೆ ನೆತ್ತಿಗೆ ನೇರ ಎಂದಷ್ಟೇ ಬರೆದಿದ್ದೆ. ಕಟ್ಟು ಬಿಚ್ಚಿ, ಕೊಡೆ ಅಜ್ಜಿಯ ಕಡೆ ವಾಲುವಂತೆ ಮತ್ತೆ ಕಟ್ಟಿದೆವು. ತಾತ ಅಜ್ಜಿಗಿಂತ ಒಂದು ಗೇಣು ಎತ್ತರ, ಅಷ್ಟು ಮೇಲೆತ್ತಿದೆವು. ಗೆಳೆಯನಿಗೆ ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹಾಕಲು ಹೇಳಿದೆ. ಅವನ ಹೆಜ್ಜೆಯ ಏರಿಳಿತ ಗಳದ ಮೂಲಕ ಕೊಡೆಗೆ ಬಂತು. ಬಲೂನಿನ ಹಾಗೆ ಜಾರುತ್ತಿದ್ದ ಕೊಡೆ ಆಗ ನಡೆಯತೊಡಗಿತು.

ಮೂರನೆಯ ಟೇಕ್ ಮುಗಿದಾಗ ಗೆಳೆಯ ಗಳ ಹೊತ್ತು ಬಲಕ್ಕೆ ಓಡಿದ. ಅಜ್ಜಿ ಹೊರಗೆ ಬರಲಿಲ್ಲ. ಎಡಕ್ಕೆ ಸರಿದು ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಕರೆಯಲು ಬಾಯಿ ತೆರೆದವನು ಸುಮ್ಮನಾದೆ. ನನಗೆ ಖಾಲಿ ಬೇಕಾಗಿದ್ದದ್ದು ಬಲಗಡೆಯ ಅರ್ಧ ಮಾತ್ರ. ಫೋನು ಓಡುತ್ತಲೇ ಇತ್ತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ಬಿಸಿಲು ನೋಡುತ್ತಾ ಕೂತಿದ್ದಳು. ಕ್ಲೀನ್ ಪ್ಲೇಟಿಗೆಂದು ತೆಗೆದ ಆ ಹತ್ತು ಸೆಕೆಂಡು ಈಗ ಸಿನಿಮಾದ ಕೊನೆಯ ಶಾಟ್. ಅದರಲ್ಲಿ ಕೊಡೆ ಇಲ್ಲ.